ನೂರಿಪ್ಪತ್ತು ಮೂಟೆ ಕಾಫಿ, ಒಂಬತ್ತು ಟನ್ ಪುಡಿ

ಇದು ಚಿಕ್ಕಮಗಳೂರಿನ ಒಂದು ಸಣ್ಣ ಕಾಫಿಪುಡಿ ಬ್ರ್ಯಾಂಡಿನ ಪ್ರಕರಣ. ಹೆಸರು ಬೇಡ. ಆ ಹೆಸರಿನಲ್ಲೇ 'ಹಸಿರು' ಇದೆ ಅಂತ ಮಾತ್ರ ಗೊತ್ತಿದ್ದರೆ ಸಾಕು. ಮೂಡಿಗೆರೆ ಕಡೆ 25 ಎಕರೆ ಅರೇಬಿಕಾ ತೋಟ ಇದೆ. ಕಾಫಿ ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡುವ ಘಟಕ ಚಿಕ್ಕಮಗಳೂರಿನಲ್ಲಿದೆ. ತೋಟ ಮಾವನವರದ್ದು, ಬ್ರ್ಯಾಂಡ್ ಕಟ್ಟಿದವರು ಸೊಸೆ. ನಾನು ಇಂಥ ಸಣ್ಣ ಆಹಾರ ಘಟಕಗಳಿಗೆ ಲೇಬಲ್ ನೋಡಿಕೊಡುವ ಕೆಲಸ ಮಾಡುತ್ತೇನೆ. ಹಾಗಾಗಿ ಈ ಪ್ಯಾಕೆಟ್ ನನ್ನ ಮೇಜಿಗೆ ಬಂತು.

ಪ್ಯಾಕೆಟ್ಟಿನ ಮುಂದೆ ಒಂದು ಆನೆ, ಒಂದು ಹಳ್ಳ, ದಟ್ಟ ಮರಗಳು. ಕೆಳಗೆ 'ನೆರಳಿನಲ್ಲಿ ಬೆಳೆದ ಕಾಫಿ' ಅಂತ ದೊಡ್ಡದಾಗಿ ಬರೆದಿದೆ. ಹಿಂದೆ 'ನಮ್ಮದೇ ತೋಟದ್ದು', 'ಕೆಮಿಕಲ್ ಮುಕ್ತ', 'ಕಾರ್ಬನ್ ನ್ಯೂಟ್ರಲ್', 'ಮಣ್ಣಿನಲ್ಲಿ ಕರಗುವ ಪ್ಯಾಕೆಟ್' ಅಂತಿದೆ. ರುಚಿಯ ಬಗ್ಗೆ ಒಂದು ಸಾಲೂ ಇಲ್ಲ. ಹುರಿದದ್ದು ತಿಳಿಯೋ ಗಾಢವೋ ಅನ್ನೋದೂ ಇಲ್ಲ. ಪರಿಸರದ ಮಾತು ತೆಗೆದರೆ ಪ್ಯಾಕೆಟ್ ಖಾಲಿ.

ಬೆಂಗಳೂರಿನ ಒಂದು ಅಂಗಡಿ ಇವರ ಪುಡಿ ಇಟ್ಟುಕೊಳ್ಳಲು ಒಪ್ಪಿತ್ತು. ಆದರೆ ಅವರು ಒಂದು ಹಾಳೆ ಕಳಿಸಿದ್ದರು. ಪ್ಯಾಕೆಟ್ಟಿನ ಪ್ರತಿ ಮಾತಿನ ಎದುರು ಆಧಾರ ಬರೆಯಬೇಕು, ಕಾಗದ ಲಗತ್ತಿಸಬೇಕು. ಅಂಗಡಿಯವರ ಎಚ್ಚರಕ್ಕೆ ಕಾರಣ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್ 15ರಂದು ಗ್ರೀನ್‌ವಾಷಿಂಗ್, ಅಂದರೆ ಪರಿಸರದ ಹೆಸರಿನಲ್ಲಿ ದಾರಿ ತಪ್ಪಿಸುವ ಮಾತು ಹೇಳಿ ಮಾರುವುದನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ಇದು ತಯಾರಕರಿಗೆ ಮಾತ್ರ ಅಲ್ಲ, ಮಾರುವವರಿಗೂ ಜಾಹೀರಾತು ಮಾಡುವವರಿಗೂ ಅನ್ವಯಿಸುತ್ತದೆ. 'ಪರಿಸರ ಸ್ನೇಹಿ', 'ನೈಸರ್ಗಿಕ', 'ಸುಸ್ಥಿರ', 'ಕಾರ್ಬನ್ ನ್ಯೂಟ್ರಲ್' ಥರದ ಮಾತುಗಳನ್ನು ಸುಮ್ನೆ ಹಾಕುವಂತಿಲ್ಲ. ಯಾವುದರ ಬಗ್ಗೆ ಹೇಳುತ್ತಿದ್ದೀರಿ ಅಂತ ಬಿಡಿಸಿ ಹೇಳಬೇಕು, ಪುರಾವೆ ಇರಬೇಕು, ಆ ಪುರಾವೆ ಗ್ರಾಹಕರ ಕೈಗೆ ಸಿಗಬೇಕು. ಕ್ಯೂಆರ್ ಕೋಡ್ ಕೊಟ್ಟರೂ ನಡೆಯುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ.

'ನಾವು ಸುಳ್ಳು ಏನೂ ಬರೆದಿಲ್ಲ ಸಾರ್, ತೋಟಕ್ಕೆ ಬಂದು ನೋಡಿ' ಅಂದರು ಬ್ರ್ಯಾಂಡಿನ ಒಡತಿ. ಅವರು ಹೇಳಿದ್ದು ನಿಜ. ತೋಟ ಚೆನ್ನಾಗಿದೆ. ತೊಂದರೆ ಇದ್ದದ್ದು ಬೇರೆ ಕಡೆ. ತೋಟದ ಬಗ್ಗೆ ನಿಜವಾದ ಮಾತನ್ನು ಪ್ಯಾಕೆಟ್ಟಿನ ಬಗ್ಗೆ ಹೇಳಿದ್ದರು. ತೋಟ ಬೇರೆ, ಪ್ಯಾಕೆಟ್ ಬೇರೆ. ಎರಡರ ನಡುವೆ ಕ್ಯೂರಿಂಗ್, ವ್ಯಾಪಾರಿಯ ಗೋಡೌನ್, ಚಿಕೋರಿ, ಹುರಿಯುವ ಡ್ರಮ್, ಪ್ಲಾಸ್ಟಿಕ್ ಪದರ ಎಲ್ಲ ಬರುತ್ತವೆ. ಬ್ರ್ಯಾಂಡಿನ ಗುರುತೇ ಪರಿಸರ ಅಂತಾದಾಗ ಈ ಜಾರುವಿಕೆ ಹೆಚ್ಚು ಆಗುತ್ತದೆ. ರುಚಿಯನ್ನೋ ಬೆಲೆಯನ್ನೋ ಹೇಳಿ ಮಾರುವ ಬ್ರ್ಯಾಂಡಿಗೆ ಒಂದು ಹಸಿರು ಮಾತು ಬಿದ್ದುಹೋದರೆ ದೊಡ್ಡ ನಷ್ಟ ಇಲ್ಲ. ಇವರಿಗೆ ಪ್ರತಿ ಸಾಲೂ ಬೇಕು. ಹಾಗಾಗಿ ಯಾವ ಸಾಲನ್ನೂ ಅವರೇ ಅನುಮಾನದಿಂದ ನೋಡಿರಲಿಲ್ಲ.

ನಾನು ಶುರು ಮಾಡಿದ್ದು ತೂಕದಿಂದ. ಇಂಥ ಕೆಲಸದಲ್ಲಿ ಯಾವಾಗಲೂ ಅಲ್ಲಿಂದಲೇ ಶುರು ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ. ಸರ್ಟಿಫಿಕೇಟ್, ಫೋಟೋ, ಕತೆ ಎಲ್ಲ ಆಮೇಲೆ. ಮೊದಲು ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಅಂತ ನೋಡಬೇಕು.

ತೋಟದಿಂದ ಆ ವರ್ಷ ಬಂದದ್ದು 120 ಮೂಟೆ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇರುವ ಕಾಫಿ ಬೀಜ. ಮೂಟೆಗೆ 50 ಕೆಜಿ, ಅಂದರೆ 6 ಟನ್. ಕ್ಯೂರಿಂಗ್‌ನಲ್ಲಿ ಸಿಪ್ಪೆ ತೆಗೆದರೆ ನೂರಕ್ಕೆ ಸುಮಾರು 80 ಭಾಗ ಉಳಿಯುತ್ತದೆ, 4.8 ಟನ್ ಹಸಿ ಬೀಜ. ಹುರಿದಾಗ ನೀರಿನಂಶ ಹೋಗಿ ಮತ್ತೆ ತೂಕ ಇಳಿಯುತ್ತದೆ. ಇವರ ಹುರಿತಕ್ಕೆ ನೂರಕ್ಕೆ 16 ಇಳಿಯುತ್ತಿತ್ತು. ಕೊನೆಗೆ ಸಿಗುವುದು 4 ಟನ್‌ಗಿಂತ ಚೂರು ಜಾಸ್ತಿ. ಇವರ ಪುಡಿಯಲ್ಲಿ ಕಾಫಿ 70, ಚಿಕೋರಿ 30. ಆ ಲೆಕ್ಕದಲ್ಲಿ ತೋಟದ ಅಷ್ಟೂ ಕಾಫಿಯಿಂದ ಹೆಚ್ಚೆಂದರೆ 5.76 ಟನ್ ಪುಡಿ ಮಾಡಬಹುದು. ಬಿಲ್ ಪುಸ್ತಕ ತೆಗೆದು ನೋಡಿದರೆ ಮಾರಿದ್ದು 9 ಟನ್.

ಒಡತಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಬೇಡಿಕೆ ಜಾಸ್ತಿಯಾದಾಗ ಒಬ್ಬ ವ್ಯಾಪಾರಿಯಿಂದ ರೋಬಸ್ಟಾ ತಂದಿದ್ದರು. ಫಿಲ್ಟರ್ ಕಾಫಿಗೆ ರೋಬಸ್ಟಾ ಸೇರಿಸುವುದು ಮಾಮೂಲು, ಡಿಕಾಕ್ಷನ್ ಗಟ್ಟಿ ಬರುತ್ತದೆ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಆದರೆ ಪ್ಯಾಕೆಟ್ಟಿನ ಡಿಸೈನ್ ಆ ಮೊದಲೇ ಆಗಿತ್ತು. 'ನಮ್ಮದೇ ತೋಟದ್ದು' ಅನ್ನೋ ಸಾಲು ಹಾಗೇ ಉಳಿಯಿತು. ಉಳಿದ 3.24 ಟನ್ ಪುಡಿಯಲ್ಲಿ ಇದ್ದ ಸುಮಾರು 2.3 ಟನ್ ಹುರಿದ ಕಾಫಿ ಯಾವ ತೋಟದ್ದು ಅಂತ ವ್ಯಾಪಾರಿಗೂ ಹೇಳಲು ಆಗಲಿಲ್ಲ. ಅವರ ಗೋಡೌನಿನಲ್ಲಿ ಹತ್ತಾರು ತೋಟದ ಮಾಲು ಒಟ್ಟಿಗೆ ಸೇರಿರುತ್ತದೆ.

'ಅದೂ ನೆರಳಿನ ಕಾಫಿನೇ ಅಲ್ವಾ ಸಾರ್? ನಮ್ಮ ಕಡೆ ಯಾರು ಬಿಸಿಲಲ್ಲಿ ಬೆಳೀತಾರೆ?' ಅಂತ ಕೇಳಿದರು. ಇರಬಹುದು. ಆದರೆ 'ಇರಬಹುದು' ಅನ್ನೋದಕ್ಕೆ ಕಾಗದ ಇರುವುದಿಲ್ಲ. ಆ ಪ್ರಶ್ನೆಯಲ್ಲೇ ಇನ್ನೊಂದು ಸಂಗತಿಯೂ ಹೊರಬಿತ್ತು. ನಮ್ಮ ಕಡೆ ಎಲ್ಲರೂ ನೆರಳಿನಲ್ಲೇ ಬೆಳೆಯುವುದಾದರೆ, ಅದು ಈ ಬ್ರ್ಯಾಂಡಿನ ವಿಶೇಷ ಹೇಗಾಗುತ್ತದೆ? ಪಕ್ಕದ ಪ್ಯಾಕೆಟ್ಟಿನ ಕಾಫಿಗಿಂತ ಇದು ಕಾಡಿಗೆ ಒಳ್ಳೆಯದು ಅಂತ ಬೆಂಗಳೂರಿನ ಗ್ರಾಹಕ ಅಂದುಕೊಂಡು ಜಾಸ್ತಿ ದುಡ್ಡು ಕೊಡುತ್ತಾನೆ. ಪಕ್ಕದ್ದೂ ಅಂಥದ್ದೇ ನೆರಳಿನ ಕೆಳಗೆ ಬೆಳೆದಿರುತ್ತದೆ. ನಿಜವನ್ನೇ ಹೇಳಿ ದಾರಿ ತಪ್ಪಿಸುವುದು ಅಂದರೆ ಇದೇ.

ಚಿಕೋರಿ ಬಗ್ಗೆ ಯಾರೂ ಯೋಚಿಸಿಯೇ ಇರಲಿಲ್ಲ. ಚಿಕೋರಿ ಬೇರಿನ ಬೆಳೆ. ಗುಜರಾತ್, ಉತ್ತರ ಪ್ರದೇಶದ ಬಯಲು ಹೊಲಗಳಲ್ಲಿ ಬೆಳೆಯುತ್ತದೆ. ಅಲ್ಲಿಂದ ಲಾರಿಯಲ್ಲಿ ಬರುತ್ತದೆ. ಆಹಾರ ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು, ಚಿಕೋರಿ ಎಷ್ಟು ಅಂತ ಪ್ಯಾಕೆಟ್ಟಿನ ಮೇಲೆ ಬರೆಯಬೇಕು. ಇವರು ಅದನ್ನು ಸರಿಯಾಗಿಯೇ ಬರೆದಿದ್ದರು. ಆದರೆ ಅದೇ ಪ್ಯಾಕೆಟ್ಟಿನ ಮುಂದೆ 'ನೆರಳಿನಲ್ಲಿ ಬೆಳೆದ' ಅಂತಲೂ ಇದೆ. ಮಾರ್ಗಸೂಚಿ ಕೇಳುವುದು ಸರಳವಾಗಿದೆ: ಮಾತು ಇಡೀ ವಸ್ತುವಿನ ಬಗ್ಗೆಯೋ, ಅದರ ಒಂದು ಭಾಗದ ಬಗ್ಗೆಯೋ, ತಯಾರಿಕೆಯ ಬಗ್ಗೆಯೋ, ಪ್ಯಾಕಿಂಗ್ ಬಗ್ಗೆಯೋ ಅಂತ ಹೇಳಿ. ಇಲ್ಲಿ ನೂರರಲ್ಲಿ ಮೂವತ್ತು ಭಾಗಕ್ಕೆ ಆ ಮಾತು ಹೊಂದುವುದೇ ಇಲ್ಲ.

ಆಮೇಲೆ ತೋಟಕ್ಕೆ ಹೋದೆವು. 'ಕೆಮಿಕಲ್ ಮುಕ್ತ' ಅನ್ನೋದನ್ನು ನೋಡಬೇಕಿತ್ತು. ಮಾವನವರು ಇರಲಿಲ್ಲ, ರೈಟ್ರು ಇದ್ದರು. ತೋಟದ ಲೆಕ್ಕ ಪೂರ್ತಿ ಅವರ ಕೈಯಲ್ಲೇ. ಸ್ಪ್ರೇ ಮಾಡಿದ್ದೆಲ್ಲ ಬರೆದಿಟ್ಟಿದ್ದೀರಾ ಅಂತ ಕೇಳಿದ್ದಕ್ಕೆ ಬೀರುವಿನಿಂದ ಉದ್ದದ ಪುಸ್ತಕ ತೆಗೆದು ಹೆಮ್ಮೆಯಿಂದ ಮುಂದಿಟ್ಟರು.

'ನೋಡಿ ಅಮ್ಮಾವ್ರೇ, ಮಳೆಗೆ ಮುಂಚೆ ಬೋರ್ಡೋ ಹೊಡೆದಿದ್ದು, ಮಳೆ ಬಿಟ್ಟ ಮೇಲೆ ಇನ್ನೊಂದು ಸಲ. ಒಂದು ದಿನಾನೂ ತಪ್ಪಿಸಿಲ್ಲ.'

'ರೈಟ್ರೇ, ಅದರಲ್ಲಿ ಏನೇನು ಹಾಕ್ತೀರಿ?'

'ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಇನ್ನೂರು ಲೀಟರ್ ನೀರು. ಬಾಳೆಹೊನ್ನೂರಿನವರು ಹೇಳೋದೇ ಅಷ್ಟು. ಅದಿಲ್ಲ ಅಂದ್ರೆ ತುಕ್ಕು ಬಂದು ಎಲೆ ಎಲ್ಲ ಉದುರಿಬಿಡುತ್ತೆ.'

ಬಾಳೆಹೊನ್ನೂರು ಅಂದರೆ ಅಲ್ಲಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ. ಅರೇಬಿಕಾಗೆ ಎಲೆ ತುಕ್ಕು ರೋಗ ದೊಡ್ಡ ಶತ್ರು, ಬೋರ್ಡೋ ಇಲ್ಲದೆ ತೋಟ ಉಳಿಸಿಕೊಳ್ಳೋದು ಕಷ್ಟ. ರೈಟ್ರು ಮಾಡಿದ್ದು ಪೂರ್ತಿ ಸರಿ. ಮೈಲುತುತ್ತ ಅಂದರೆ ತಾಮ್ರದ ಲವಣ. ಸಾವಯವ ಕೃಷಿಯಲ್ಲೂ ಅದಕ್ಕೆ ಮಿತಿಯೊಳಗೆ ಅವಕಾಶ ಇದೆ. ಆದರೂ 'ಕೆಮಿಕಲ್ ಮುಕ್ತ' ಅಂತ ಬರೆದ ಪ್ಯಾಕೆಟ್ಟಿನ ಹಿಂದೆ ಈ ಪುಸ್ತಕ ಇಟ್ಟರೆ ಆ ಸಾಲು ನಿಲ್ಲುವುದಿಲ್ಲ. ಪುಟ ತಿರುಗಿಸಿದರೆ ಹೂವಾದ ಮೇಲೆ ಹಾಕಿದ ಯೂರಿಯಾ, ಪೊಟ್ಯಾಷ್ ಲೆಕ್ಕವೂ ಸಿಕ್ಕಿತು. ಒಡತಿಯ ಮುಖ ಸಪ್ಪೆಯಾಯಿತು. ಮಾವನವರು 'ಔಷಧಿ ಹೊಡೆಯೋದಿಲ್ಲ' ಅಂತ ಹೇಳಿದ್ದರಂತೆ. ಅವರ ಲೆಕ್ಕದಲ್ಲಿ ಔಷಧಿ ಅಂದರೆ ಕೀಟನಾಶಕ ಮಾತ್ರ. ಬೋರ್ಡೋ, ಗೊಬ್ಬರ ಇವೆಲ್ಲ ಔಷಧಿ ಅಲ್ಲ.

'ಹಾಗಾದ್ರೆ ಸಾವಯವ ಅಂತ ಮಾಡಿಬಿಡೋಣ' ಅನ್ನೋ ಯೋಚನೆಯೂ ಬಂತು. ಅದು ಸುಲಭದ ದಾರಿ ಅಲ್ಲ. 2017ರ ಸಾವಯವ ಆಹಾರ ನಿಯಮದ ಪ್ರಕಾರ ಪ್ಯಾಕೆಟ್ಟಿನ ಮೇಲೆ ಹಾಗೆ ಬರೆದು ಮಾರಲು ಸರ್ಕಾರದ ಎರಡು ಸಾವಯವ ಪ್ರಮಾಣೀಕರಣ ವ್ಯವಸ್ಥೆಗಳಾದ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾದಲ್ಲಿ ಒಂದರ ಪ್ರಮಾಣಪತ್ರ ಬೇಕು. ಎನ್‌ಪಿಒಪಿಯಲ್ಲಿ ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ. ತೋಟಕ್ಕೆ ಸಿಕ್ಕರೂ ಸಾಲದು, ಹುರಿದು ಪ್ಯಾಕ್ ಮಾಡುವ ಘಟಕವೂ ಪ್ರಮಾಣೀಕರಣದ ಒಳಗೆ ಬರಬೇಕು. ವ್ಯಾಪಾರಿಯ ರೋಬಸ್ಟಾಕ್ಕೂ ಚಿಕೋರಿಗೂ ಅದೇ ಪ್ರಶ್ನೆ. ಸರಪಳಿಯ ಒಂದು ಕೊಂಡಿ ತಪ್ಪಿದರೂ ಆ ಮಾತು ಪ್ಯಾಕೆಟ್ಟಿಗೆ ಬರುವುದಿಲ್ಲ. ಸದ್ಯಕ್ಕೆ ಕೈಬಿಟ್ಟರು.

ಮರಗಳ ವಿಷಯಕ್ಕೂ ತೋಟದಲ್ಲೇ ಉತ್ತರ ಸಿಕ್ಕಿತು. ಮನೆಯ ಹಿಂದಿನ ಹಳೆ ತುಂಡಿನಲ್ಲಿ ಅತ್ತಿ, ಬಸರಿ, ಹಲಸು, ನಂದಿ ಎಲ್ಲ ಬೆರೆತು ನಿಂತಿವೆ. ಪ್ಯಾಕೆಟ್ಟಿನ ಫೋಟೋ ಅಲ್ಲಿಯದೇ. ರಸ್ತೆ ಆಚೆಯ ಹೊಸ ತುಂಡಿನಲ್ಲಿ ನೆರಳು ಅಂದರೆ ಬಹುತೇಕ ಸಿಲ್ವರ್ ಓಕ್, ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ. ಬೇಗ ಬೆಳೆಯುತ್ತದೆ, ಕಡಿದು ಮಾರಬಹುದು, ಬೆಳೆಗಾರರಿಗೆ ಆಪತ್ಕಾಲದ ದುಡ್ಡು. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಹಳೆ ತುಂಡಿನ ಫೋಟೋ ಹಾಕಿ ಎರಡೂ ತುಂಡಿನ ಕಾಫಿ ಮಾರುವಾಗ ನೋಡುವವರಿಗೆ ತಪ್ಪು ಚಿತ್ರ ಹೋಗುತ್ತದೆ. ಚಿತ್ರ, ಬಣ್ಣ ಇವುಗಳನ್ನು ಮಾರ್ಗಸೂಚಿ ಸುಮ್ಮಸುಮ್ಮನೆ ತಪ್ಪು ಅನ್ನುವುದಿಲ್ಲ, ದಾರಿ ತಪ್ಪಿಸುವಂತಿದ್ದರೆ ಮಾತ್ರ. ಆನೆಯ ಚಿತ್ರವನ್ನು ಮಾತ್ರ ನಾನು ತೆಗೆಯಿರಿ ಅಂದೆ. ಮೂಡಿಗೆರೆಯಿಂದ ಸಕಲೇಶಪುರ, ಆಲೂರಿನವರೆಗೆ ಆನೆ ಬಂದಾಗ ತೋಟದವರ ಪಾಡು ಏನು ಅಂತ ಇಲ್ಲಿಯವರಿಗೆ ಗೊತ್ತು. ಸೋಲಾರ್ ಬೇಲಿ ಹಾಕಿಸಿಕೊಂಡ ತೋಟದವರು ಪ್ಯಾಕೆಟ್ಟಿನ ಮೇಲೆ ಆನೆಯನ್ನು ಮುದ್ದಾಗಿ ನಿಲ್ಲಿಸಿದರೆ ಊರವರೇ ನಗುತ್ತಾರೆ.

ಕಾರ್ಬನ್ ನ್ಯೂಟ್ರಲ್ ಬಗ್ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಷ್ಟೊಂದು ಮರ ಇವೆ, ಹೀರಿಕೊಳ್ಳುತ್ತವೆ ಅನ್ನೋದು ಅವರ ವಾದ. ಯಾರೂ ಅಳೆದಿರಲಿಲ್ಲ. ಹುರಿಯುವ ಗ್ಯಾಸ್, ಲಾರಿ, ಗೊಬ್ಬರ ಯಾವುದರ ಲೆಕ್ಕವೂ ಇರಲಿಲ್ಲ. ಮರಗಳು ಅಜ್ಜನ ಕಾಲದವು, ಬ್ರ್ಯಾಂಡ್ ಬಂದ ಕಾರಣಕ್ಕೆ ನೆಟ್ಟವಲ್ಲ. ಸಾಲು ಹೋಯಿತು. 'ಇನ್ನೈದು ವರ್ಷದಲ್ಲಿ ಆಗುತ್ತೇವೆ' ಅಂತ ಬರೆಯಬಹುದಾ ಅಂತ ಕೇಳಿದರು. ಹಾಗೆ ಬರೆಯಲು ಹೇಗೆ ಆಗುತ್ತೀರಿ ಅನ್ನೋ ಸ್ಪಷ್ಟ ಯೋಜನೆ ತೋರಿಸಬೇಕು. ಅದೂ ಇರಲಿಲ್ಲ.

ಪ್ಯಾಕೆಟ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಇವರ ಪೌಚ್ ಹೊರಗೆ ಕಂದು ಕಾಗದ, ಒಳಗೆ ಜೋಳದ ಪಿಷ್ಟದಿಂದ ಮಾಡಿದ್ದು ಅಂತ ಹೇಳುವ ತೆಳು ಪದರ, ಜೊತೆಗೆ ಗಾಳಿ ಹೊರಹೋಗಲು ಒಂದು ಪುಟ್ಟ ವಾಲ್ವ್, ಮೇಲೆ ಜಿಪ್. ಪೌಚ್ ಕೊಟ್ಟವರು ಒಂದು ಸರ್ಟಿಫಿಕೇಟ್ ಕೂಡ ಕೊಟ್ಟಿದ್ದರು. ಓದಿ ನೋಡಿದರೆ ಅದು ಒಳಗಿನ ಫಿಲ್ಮ್‌ಗೆ ಮಾತ್ರ. ವಾಲ್ವ್, ಜಿಪ್, ಅಂಟು, ಶಾಯಿ ಇದರಲ್ಲಿ ಇಲ್ಲ. ಇನ್ನೂ ಮುಖ್ಯವಾದದ್ದು ಅದರಲ್ಲಿ ಹೇಳಿದ ಮಾನದಂಡ, ಐಎಸ್/ಐಎಸ್‌ಒ 17088. ಇದು ದೊಡ್ಡ ಕಾಂಪೋಸ್ಟ್ ಘಟಕಗಳ ಪರಿಸ್ಥಿತಿಗೆ ಬರೆದದ್ದು. ಅಲ್ಲಿ 58 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ, ಹದವಾದ ತೇವದಲ್ಲಿ ತಿಂಗಳುಗಟ್ಟಲೆ ಇಟ್ಟು ಪರೀಕ್ಷೆ ಮಾಡುತ್ತಾರೆ. ಮನೆ ಹಿಂದಿನ ಗುಂಡಿಯಲ್ಲಿ ಅಷ್ಟು ಬಿಸಿ ಅಷ್ಟು ದಿನ ನಿಲ್ಲುವುದಿಲ್ಲ. 'ಮಣ್ಣಿನಲ್ಲಿ ಕರಗುವ' ಅಂತ ಓದಿದವರು ಗುಂಡಿಗೇ ಹಾಕುತ್ತಾರೆ.

ಒಡತಿ ಇದನ್ನು ನಂಬಲಿಲ್ಲ. ಖಾಲಿ ಪೌಚ್‌ಗಳನ್ನು ತೋಟದ ತಿಪ್ಪೆಗುಂಡಿಯಲ್ಲಿ ಹೂಳಿಸಿದರು. ಮಳೆಗಾಲ ಕಳೆದ ಮೇಲೆ ತೆಗೆದರೆ ಕಾಗದ ಪೂರ್ತಿ ಮಾಯ. ಒಳಗಿನ ಪದರ ಚೀಲದ ಆಕಾರದಲ್ಲೇ ಇತ್ತು, ಹಿಡಿದು ಎಳೆದರೆ ಅಲ್ಲಲ್ಲಿ ಸೀಳುತ್ತಿತ್ತು ಅಷ್ಟೇ. ವಾಲ್ವ್ ತೊಳೆದರೆ ಹೊಸದರ ಹಾಗೆ. ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ, ನಿಜ. ಆದರೆ ಗ್ರಾಹಕರ ಕೈಯಲ್ಲಿ ಏನಾಗುತ್ತದೆ ಅಂತ ತಿಳಿಯಲು ಅಷ್ಟು ಸಾಕಾಯಿತು.

ಈ ಪೌಚ್‌ನಲ್ಲಿ ಇನ್ನೊಂದು ಅಡಗಿದ ನಷ್ಟ ಇತ್ತು. ಆ ಪದರ ಗಾಳಿ, ತೇವವನ್ನು ಮಾಮೂಲಿ ಪ್ಲಾಸ್ಟಿಕ್ ಲ್ಯಾಮಿನೇಟಿನಷ್ಟು ತಡೆಯುತ್ತಿರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅಂಗಡಿಯಲ್ಲಿಟ್ಟ ಪುಡಿ ಬೇಗ ಘಮ ಕಳೆದುಕೊಂಡು ವಾಪಸ್ ಬರುತ್ತಿತ್ತು. ಹಾಗೆ ಬಂದ ಪುಡಿಯನ್ನು ಎಸೆಯುತ್ತಿದ್ದರು. ಒಂದು ಕೆಜಿ ಕಾಫಿ ಬೆಳೆಯಲು ಆದ ಗೊಬ್ಬರ, ಪಲ್ಪಿಂಗ್ ನೀರು, ಹುರಿದ ಗ್ಯಾಸ್ ಎಲ್ಲ ತಿಪ್ಪೆಗೆ. ಕೆಲವೇ ಗ್ರಾಂ ಪ್ಲಾಸ್ಟಿಕ್ ಉಳಿಸಲು ಹೋಗಿ ಕಾಫಿಯನ್ನೇ ಚೆಲ್ಲಿದ ಹಾಗಾಯಿತು.

ಕೊನೆಗೆ ಆದದ್ದು ಹೀಗೆ. ಪೌಚ್ ಮಾಮೂಲಿ ಲ್ಯಾಮಿನೇಟಿಗೆ ಬದಲಾಯಿತು. ಅದರ ಮೇಲೆ 'ಇದು ಪ್ಲಾಸ್ಟಿಕ್ ಪದರವಿರುವ ಪ್ಯಾಕೆಟ್, ಮಣ್ಣಿನಲ್ಲಿ ಕರಗುವುದಿಲ್ಲ, ಒಣಕಸಕ್ಕೆ ಹಾಕಿ' ಅಂತ ಬರೆದಿದ್ದಾರೆ. ಹಸಿರು ಬ್ರ್ಯಾಂಡಿಗೆ ಈ ಸಾಲು ಬರೆಯಲು ಧೈರ್ಯ ಬೇಕು. ಊರಿನ ಅಂಗಡಿಯಲ್ಲಿ ಡಬ್ಬಿ ತಂದವರಿಗೆ ಅಲ್ಲೇ ಪುಡಿ ಮಾಡಿ ತುಂಬಿಕೊಡುತ್ತಾರೆ. ಚಿಕ್ಕಮಗಳೂರಿನವರಿಗೆ ಇದು ಹೊಸದೇನೂ ಅಲ್ಲ, ಕಾಫಿಪುಡಿ ಅಂಗಡಿಗೆ ಹೋಗಿ ಕಣ್ಣೆದುರು ಪುಡಿ ಮಾಡಿಸಿಕೊಂಡು ಬರುವ ರೂಢಿ ಇದ್ದೇ ಇದೆ. ಡಬ್ಬಿಯ ಮಾತು ಆ ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಇದೆ, ಬೆಂಗಳೂರಿಗೆ ಹೋಗುವ ಪ್ಯಾಕೆಟ್ಟಿನ ಮೇಲೆ ಇಲ್ಲ.

ಪುಡಿಯನ್ನು ಎರಡು ಮಾಡಿದರು. ಒಂದು, ಚಿಕೋರಿ ಇಲ್ಲದ, ಪೂರ್ತಿ ತೋಟದ ಅರೇಬಿಕಾ. ಅದಕ್ಕೆ ಲಾಟ್ ನಂಬರ್ ಇದೆ. ತೋಟದಿಂದ ಬಂದ ಮೂಟೆಯಿಂದ ಬಿಲ್ಲಿನವರೆಗೆ ತೂಕ ಒಂದೇ ಪುಸ್ತಕದಲ್ಲಿ ಬರೆಯುತ್ತಾರೆ. 4 ಟನ್ ಮುಗಿದರೆ ಮುಗಿಯಿತು, ಮುಂದಿನ ಕೊಯ್ಲಿನವರೆಗೆ ಇಲ್ಲ. ಇನ್ನೊಂದು, ಕೊಂಡ ಕಾಫಿ ಮತ್ತು ಚಿಕೋರಿಯ ಮಿಶ್ರಣ. ಅದರ ಮೇಲೆ ಪರಿಸರದ ಒಂದು ಮಾತೂ ಇಲ್ಲ, ರುಚಿಯ ಮಾತಿದೆ. ತೋಟದ ಪ್ಯಾಕೆಟ್ಟಿನ ಹಿಂದೆ ಈಗ ಇರುವುದು ಇಷ್ಟು: 'ನಮ್ಮ 25 ಎಕರೆ ತೋಟದ ಕಾಫಿ. ಹಳೆ ತುಂಡಿನಲ್ಲಿ ಅತ್ತಿ, ಹಲಸು, ನಂದಿ ಮರಗಳ ನೆರಳು, ಹೊಸ ತುಂಡಿನಲ್ಲಿ ಹೆಚ್ಚಾಗಿ ಸಿಲ್ವರ್ ಓಕ್. ವರ್ಷಕ್ಕೆ ಎರಡು ಸಲ ಬೋರ್ಡೋ ಹೊಡೆಯುತ್ತೇವೆ. ರಾಸಾಯನಿಕ ಗೊಬ್ಬರ ಬಳಸುತ್ತೇವೆ.' ಪಕ್ಕದಲ್ಲಿ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಮರಗಳ ಎಣಿಕೆ ಮತ್ತು ರೈಟ್ರ ಪುಸ್ತಕದ ಆ ವರ್ಷದ ಪುಟಗಳು ಕಾಣುತ್ತವೆ. ತಮ್ಮ ಕೈಬರಹ ಫೋನಿನಲ್ಲಿ ಬಂದದ್ದಕ್ಕೆ ರೈಟ್ರಿಗೆ ಖುಷಿಯೋ ಖುಷಿ.

ಬೆಂಗಳೂರಿನ ಅಂಗಡಿ ಪುಡಿ ತೆಗೆದುಕೊಂಡಿತು, ಆದರೆ ಸಾವಯವದ ಕಪಾಟಿನಲ್ಲಿ ಇಡಲಿಲ್ಲ. ಮಿಶ್ರಣದ ಬೆಲೆ ಇಳಿಸಬೇಕಾಯಿತು. ಬೇರೆ ಕಾಫಿಪುಡಿಗಳ ಪಕ್ಕ ನಿಂತಾಗ ಹೆಚ್ಚು ಬೆಲೆ ಕೇಳಲು ಕಾರಣ ಇರಲಿಲ್ಲ. ಇದು ನಿಜವಾದ ನಷ್ಟ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಬ್ರ್ಯಾಂಡಿನ ಹೆಸರು ಮಾತ್ರ ಇತ್ಯರ್ಥವಾಗಿಲ್ಲ. ಕಂಪನಿಯ ಧ್ಯೇಯವಾಕ್ಯ ಒಂದು ನಿರ್ದಿಷ್ಟ ವಸ್ತುವಿನ ಬಗ್ಗೆ ಇಲ್ಲದಿದ್ದರೆ ಮಾರ್ಗಸೂಚಿ ಅದನ್ನು ಗ್ರೀನ್‌ವಾಷಿಂಗ್ ಅನ್ನುವುದಿಲ್ಲ. 'ಸುಸ್ಥಿರತೆಯ ತತ್ವದ ಮೇಲೆ ಬೆಳೆಯುತ್ತೇವೆ' ಅಂತ ಕಂಪನಿ ಹೇಳಿಕೊಳ್ಳಬಹುದು. 'ನಮ್ಮ ಎಲ್ಲ ವಸ್ತುಗಳನ್ನೂ ಸುಸ್ಥಿರವಾಗಿ ಮಾಡುತ್ತೇವೆ' ಅಂದರೆ ಪರಿಶೀಲನೆಗೆ ಬರುತ್ತದೆ. ಹೆಸರು ಪ್ಯಾಕೆಟ್ಟಿನ ಮೇಲೆ ದೊಡ್ಡದಾಗಿ ಕೂತಾಗ ಈ ಎರಡರಲ್ಲಿ ಯಾವ ಕಡೆ ವಾಲುತ್ತದೆ ಅನ್ನೋದು ಅದರ ಸುತ್ತ ಏನಿದೆ ಅನ್ನೋದರ ಮೇಲೆ ನಿಂತಿದೆ. ನನ್ನ ಸಲಹೆ, ಮಿಶ್ರಣವನ್ನು ಬೇರೆ ಹೆಸರಿನಲ್ಲಿ ಮಾರಿ ಅಂತ. ಒಡತಿ ಇನ್ನೂ ಒಪ್ಪಿಲ್ಲ. ಊರಿನಲ್ಲಿ ಜನ ಕೇಳಿ ತೆಗೆದುಕೊಳ್ಳುವುದೇ ಆ ಹೆಸರನ್ನು ಅನ್ನುತ್ತಾರೆ.

ಈಗ ಅವರಿಗೆ ಹೆಚ್ಚು ತಲೆನೋವಾಗಿರುವುದು ಪ್ಯಾಕೆಟ್ಟಿನ ಹೊರಗಿನ ಮಾತುಗಳು. ಹಳೆಯ ಇನ್‌ಸ್ಟಾಗ್ರಾಂ ಪೋಸ್ಟ್‌ಗಳಲ್ಲಿ 'ಕೆಮಿಕಲ್ ಮುಕ್ತ' ಹಾಗೇ ಇದೆ. ತೋಟದ ಹೋಂಸ್ಟೇಗೆ ಬಂದವರು ಮಾಡಿದ ರೀಲ್‌ಗಳು ತಿರುಗುತ್ತಲೇ ಇವೆ. ಆನ್‌ಲೈನಿನಲ್ಲಿ ಮರುಮಾರಾಟ ಮಾಡುವ ಇಬ್ಬರು ಶೀರ್ಷಿಕೆಯಲ್ಲೇ 'ಆರ್ಗ್ಯಾನಿಕ್' ಅಂತ ಹಾಕಿಕೊಂಡಿದ್ದಾರೆ. ತಮ್ಮ ಪೋಸ್ಟ್‌ಗಳನ್ನು ಅವರು ಒಂದೊಂದಾಗಿ ತೆಗೆಯುತ್ತಿದ್ದಾರೆ, ದುಡ್ಡು ಕೊಟ್ಟು ಮಾಡಿಸಿದ ರೀಲ್‌ಗಳನ್ನು ಇಳಿಸಲು ಹೇಳಿದ್ದಾರೆ. ಮಾರುವ ಇಬ್ಬರಿಗೆ ಲಿಖಿತವಾಗಿ ತಿಳಿಸಿದ್ದಾರೆ. ಒಬ್ಬರು ಬದಲಾಯಿಸಿದರು. ಇನ್ನೊಬ್ಬರು 'ಆ ಪದ ತೆಗೆದರೆ ಹುಡುಕಿದಾಗ ಯಾರಿಗೂ ಕಾಣೋದಿಲ್ಲ ಮೇಡಂ' ಅಂತ ಉತ್ತರ ಕೊಟ್ಟಿದ್ದಾರೆ. ಅವರಿಗೆ ಮುಂದಿನ ಲಾಟ್ ಕಳಿಸಿಲ್ಲ.